ಒಂದು, ನೂರಿಪ್ಪತ್ತೆಂಟು ಅಥವಾ ಎಲ್ಲವೂ: ಗ್ರೇಡಿಯೆಂಟ್ ಡಿಸೆಂಟ್‌ನಲ್ಲಿ ಬ್ಯಾಚ್ ಗಾತ್ರದ ಲೆಕ್ಕ

(ಎಂಜಿನಿಯರಿಂಗ್ ವಿದ್ಯಾರ್ಥಿಗಳ ಮುಂದೆ ನೀಡಿದ ಉಪನ್ಯಾಸದ ಬರಹ ರೂಪ. ಕಪ್ಪುಹಲಗೆಯ ಮೇಲೆ ಬರೆದ ಲೆಕ್ಕಗಳನ್ನು ವಾಕ್ಯಗಳೊಳಗೇ ಸೇರಿಸಲಾಗಿದೆ.)

ಎಲ್ಲರಿಗೂ ನಮಸ್ಕಾರ.

ಕೈಬರಹದ ಅಂಕಿಗಳನ್ನು ಗುರುತಿಸಲು ಯಂತ್ರಕ್ಕೆ ಕಲಿಸುವ ಎಂನಿಸ್ಟ್ ದತ್ತಾಂಶ ನಿಮ್ಮಲ್ಲಿ ಬಹಳಷ್ಟು ಜನರಿಗೆ ಗೊತ್ತು. ಅದರಲ್ಲಿ ಕಲಿಕೆಗೆಂದು 60,000 ಚಿತ್ರಗಳಿವೆ. ಯಂತ್ರ ಒಂದು ಚಿತ್ರವನ್ನು ನೋಡುತ್ತದೆ, ಉತ್ತರ ಹೇಳುತ್ತದೆ, ತಪ್ಪು ಎಷ್ಟಾಯಿತು ಎಂದು ಲೆಕ್ಕ ಹಾಕುತ್ತದೆ. ಆ ತಪ್ಪಿನ ಅಳತೆಗೆ ಲಾಸ್ ಎನ್ನುತ್ತೇವೆ. ಒಳಗಿರುವ ಸಂಖ್ಯೆಗಳನ್ನು, ಅಂದರೆ ನಿಯತಾಂಕಗಳನ್ನು, ಯಾವ ಕಡೆಗೆ ಸರಿಸಿದರೆ ಲಾಸ್ ಅತಿ ವೇಗವಾಗಿ ಏರುತ್ತದೆ ಎಂದು ತೋರಿಸುವುದು ಗ್ರೇಡಿಯೆಂಟ್. ನಾವು ಅದರ ವಿರುದ್ಧ ದಿಕ್ಕಿಗೆ ಸ್ವಲ್ಪ ಸರಿಯುತ್ತೇವೆ. ಎಷ್ಟು ಸರಿಯಬೇಕು ಎಂಬುದನ್ನು ಕಲಿಕೆಯ ದರ ನಿರ್ಧರಿಸುತ್ತದೆ. ಇಷ್ಟನ್ನು ನೀವು ಈಗಾಗಲೇ ಓದಿದ್ದೀರಿ.

ನನ್ನ ಇಂದಿನ ಪ್ರಶ್ನೆ ಒಂದೇ. ಸಂಖ್ಯೆಗಳನ್ನು ಸರಿಸುವ ಮುನ್ನ ಎಷ್ಟು ಚಿತ್ರಗಳನ್ನು ನೋಡಬೇಕು? 60,000ವನ್ನೂ ನೋಡಿ ಒಮ್ಮೆ ಸರಿಸಿದರೆ ಅದು ಫುಲ್ ಬ್ಯಾಚ್. ಒಂದೊಂದು ಚಿತ್ರ ನೋಡಿದ ಕೂಡಲೇ ಸರಿಸಿದರೆ ಸ್ಟೋಕಾಸ್ಟಿಕ್. ಮೂವತ್ತೆರಡೋ ನೂರಿಪ್ಪತ್ತೆಂಟೋ ಚಿತ್ರಗಳನ್ನು ನೋಡಿ ಅವುಗಳ ಸರಾಸರಿಯ ಮೇಲೆ ಸರಿಸಿದರೆ ಮಿನಿ-ಬ್ಯಾಚ್. ಎಲ್ಲ ಚಿತ್ರಗಳನ್ನೂ ಒಂದು ಸುತ್ತು ನೋಡಿ ಮುಗಿಸಿದರೆ ಅದೊಂದು ಇಪಾಕ್. ಒಂದು ಇಪಾಕ್‌ನಲ್ಲಿ ಫುಲ್ ಬ್ಯಾಚ್ ಒಂದೇ ಒಂದು ಹೆಜ್ಜೆ ಇಡುತ್ತದೆ, ಸ್ಟೋಕಾಸ್ಟಿಕ್ 60,000 ಹೆಜ್ಜೆ ಇಡುತ್ತದೆ. ನೂರಿಪ್ಪತ್ತೆಂಟರ ಬ್ಯಾಚ್ 469 ಹೆಜ್ಜೆ ಇಡುತ್ತದೆ. ಕೊನೆಯ ಬ್ಯಾಚಿನಲ್ಲಿ 96 ಚಿತ್ರಗಳಷ್ಟೇ ಉಳಿಯುತ್ತವೆ. ಮೂರರಲ್ಲೂ ಗುಣಾಕಾರ ಸಂಕಲನಗಳ ಒಟ್ಟು ಸಂಖ್ಯೆ ಹೆಚ್ಚುಕಡಿಮೆ ಒಂದೇ. ಹಾಗಿದ್ದರೆ ವ್ಯತ್ಯಾಸ ಎಲ್ಲಿದೆ?

ಇದನ್ನು ಕೈಯಲ್ಲೇ ಲೆಕ್ಕ ಹಾಕಿ ನೋಡೋಣ. ಲಕ್ಷಗಟ್ಟಲೆ ನಿಯತಾಂಕಗಳಿರುವ ನ್ಯೂರಲ್ ಜಾಲವನ್ನು ಬಿಟ್ಟು, ಒಂದೇ ನಿಯತಾಂಕವಿರುವ ಸಮಸ್ಯೆಯನ್ನು ತೆಗೆದುಕೊಳ್ಳುತ್ತೇನೆ. ಹಾಲಿನ ಡೇರಿಗೆ ನಾಲ್ಕು ಕ್ಯಾನುಗಳು ಬಂದಿವೆ ಎಂದುಕೊಳ್ಳಿ. ಅವುಗಳ ಫ್ಯಾಟ್ ಪ್ರಮಾಣ ಕ್ರಮವಾಗಿ ಶೇಕಡ 3.2, 3.8, 4.4 ಮತ್ತು 4.6. ಇವೆಲ್ಲಕ್ಕೂ ಅತಿ ಹತ್ತಿರವಾದ ಒಂದು ಸಂಖ್ಯೆ w ಬೇಕು. ಒಂದು ಕ್ಯಾನಿನ ಲಾಸ್ ಎಂದರೆ w ಮತ್ತು ಆ ಕ್ಯಾನಿನ ಅಳತೆಯ ವ್ಯತ್ಯಾಸದ ವರ್ಗದ ಅರ್ಧ. ಆಗ ಗ್ರೇಡಿಯೆಂಟ್ ಎಂದರೆ w ಇಂದ ಆ ಅಳತೆಯನ್ನು ಕಳೆದರೆ ಬರುವ ಸಂಖ್ಯೆ, ಅಷ್ಟೇ. ಸರಿಯುತ್ತರ ಸರಾಸರಿಯಾದ 4.0 ಎಂದು ನಮಗೆ ಗೊತ್ತು. ಉತ್ತರ ಗೊತ್ತಿರುವುದರಿಂದಲೇ ಮೂರು ವಿಧಾನಗಳ ನಡೆಯನ್ನು ಸ್ಪಷ್ಟವಾಗಿ ನೋಡಬಹುದು.

w ಅನ್ನು ಸೊನ್ನೆಯಿಂದ ಶುರುಮಾಡಿ, ಕಲಿಕೆಯ ದರವನ್ನು 0.5 ಎಂದು ಇಡೋಣ. ಅಂದರೆ ಪ್ರತಿ ಹೆಜ್ಜೆಯಲ್ಲೂ ಕಾಣುತ್ತಿರುವ ಗುರಿಗೆ ಅರ್ಧ ದಾರಿ ಹೋಗುತ್ತೇವೆ.

ಫುಲ್ ಬ್ಯಾಚ್ ನಾಲ್ಕೂ ಕ್ಯಾನುಗಳನ್ನು ನೋಡುತ್ತದೆ, 4.0ಕ್ಕೆ ಅರ್ಧ ದಾರಿ, ಅಂದರೆ 2.0ಕ್ಕೆ ಬರುತ್ತದೆ. ಎರಡನೆಯ ಸುತ್ತಿನಲ್ಲಿ 3.0, ಮೂರನೆಯದರಲ್ಲಿ 3.5, ಆಮೇಲೆ 3.75, ಐದನೆಯ ಸುತ್ತು ಮುಗಿದಾಗ 3.875. ನೇರವಾದ, ನಡುಕವಿಲ್ಲದ ದಾರಿ. ಎಷ್ಟು ಸುತ್ತು ಹಾಕಿದರೂ ಅಂತರ ಅರ್ಧವಾಗುತ್ತಲೇ ಹೋಗುತ್ತದೆ; ಎಷ್ಟು ನಿಖರತೆ ಬೇಕೋ ಅಷ್ಟು ಸಿಗುತ್ತದೆ.

ಸ್ಟೋಕಾಸ್ಟಿಕ್ ವಿಧಾನ ಮೊದಲ ಕ್ಯಾನನ್ನು ನೋಡಿ 1.6ಕ್ಕೆ ಬರುತ್ತದೆ. ಎರಡನೆಯದನ್ನು ನೋಡಿ 2.7ಕ್ಕೆ, ಮೂರನೆಯದಾದ ಮೇಲೆ 3.55ಕ್ಕೆ, ನಾಲ್ಕನೆಯದಾದ ಮೇಲೆ 4.075ಕ್ಕೆ. ಮೊದಲ ಸುತ್ತು ಮುಗಿಯುವಷ್ಟರಲ್ಲಿ ಅದು ಉತ್ತರದ ಪಕ್ಕದಲ್ಲೇ ಇದೆ. ಅಷ್ಟೇ ಕೆಲಸ ಮಾಡಿದ ಫುಲ್ ಬ್ಯಾಚ್ ಇನ್ನೂ 2.0ರಲ್ಲಿದೆ. ಆದರೆ ಮುಂದಿನ ಸುತ್ತುಗಳನ್ನು ನೋಡಿ. ಎರಡನೆಯ ಸುತ್ತಿನಲ್ಲಿ 3.64ಕ್ಕೆ ಇಳಿದು, 3.72, 4.06 ಎಂದು ಏರುತ್ತಾ 4.33ಕ್ಕೆ ಹೋಗುತ್ತದೆ. ಮೂರನೆಯ ಸುತ್ತಿನಲ್ಲಿ 3.76ರಿಂದ 4.35. ನಾಲ್ಕನೆಯದರಲ್ಲೂ 3.77ರಿಂದ 4.35. ಇನ್ನು ಸಾವಿರ ಸುತ್ತು ಹಾಕಿದರೂ ಇಷ್ಟೇ. ಉತ್ತರದ ಸುತ್ತ ಓಲಾಡುತ್ತದೆ, ನೆಲೆ ನಿಲ್ಲುವುದಿಲ್ಲ. ಪ್ರತಿ ಕ್ಯಾನೂ ತನ್ನ ಕಡೆಗೆ ಎಳೆಯುವುದರಿಂದ ಹುಟ್ಟುವ ಈ ಓಲಾಟವನ್ನೇ ಗ್ರೇಡಿಯೆಂಟಿನ ಗದ್ದಲ ಎನ್ನುತ್ತೇವೆ.

ಎರಡೆರಡು ಕ್ಯಾನುಗಳ ಮಿನಿ-ಬ್ಯಾಚ್ ಮಾಡಿದರೆ ಮೊದಲ ಜೋಡಿಯ ಸರಾಸರಿ 3.5, ಎರಡನೆಯದರದು 4.5. ಮೊದಲ ಸುತ್ತು ಮುಗಿದಾಗ w 3.125ರಲ್ಲಿರುತ್ತದೆ, ಎರಡನೆಯದು ಮುಗಿದಾಗ 3.91ರಲ್ಲಿ. ಕೊನೆಗೆ 3.83 ಮತ್ತು 4.17ರ ನಡುವೆ ಓಲಾಡುತ್ತದೆ. ವೇಗದಲ್ಲೂ ಓಲಾಟದಲ್ಲೂ ಎರಡರ ನಡುವೆ ನಿಂತಿದೆ. ನಾಲ್ಕು ಕ್ಯಾನುಗಳ ಈ ಲೆಕ್ಕದಲ್ಲಿ ಕಂಡದ್ದೇ ದೊಡ್ಡ ಜಾಲಗಳಲ್ಲೂ ನಡೆಯುತ್ತದೆ.

ಇಲ್ಲಿ ಯಾರಾದರೂ ತಕರಾರು ತೆಗೆಯಬೇಕು. ಫುಲ್ ಬ್ಯಾಚ್‌ಗೆ 0.5ರ ಬದಲು 1 ಎಂಬ ದರ ಕೊಟ್ಟಿದ್ದರೆ ಅದು ಒಂದೇ ಹೆಜ್ಜೆಯಲ್ಲಿ 4.0 ಮುಟ್ಟುತ್ತಿತ್ತಲ್ಲವೇ? ಹೌದು, ತಕರಾರು ನ್ಯಾಯವಾದದ್ದು. ಹಾಗೆಯೇ ಸ್ಟೋಕಾಸ್ಟಿಕ್ ವಿಧಾನಕ್ಕೂ ಒಂದು ಒಳ್ಳೆಯ ದರ ಕೊಡೋಣ: ಮೊದಲ ಹೆಜ್ಜೆಗೆ 1, ಎರಡನೆಯದಕ್ಕೆ 1/2, ಮೂರನೆಯದಕ್ಕೆ 1/3, ನಾಲ್ಕನೆಯದಕ್ಕೆ 1/4. ಆಗ w 3.2, 3.5, 3.8, 4.0 ಎಂದು ಸಾಗಿ, ಒಂದೇ ಸುತ್ತಿನಲ್ಲಿ ಕರಾರುವಾಕ್ಕಾಗಿ ಸರಾಸರಿಯನ್ನು ಮುಟ್ಟುತ್ತದೆ. ದರವನ್ನು ಸರಿಯಾಗಿ ಇಳಿಸುತ್ತಾ ಹೋದರೆ ಒಂದೊಂದೇ ಉದಾಹರಣೆ ನೋಡುವ ವಿಧಾನವೂ ನಿಖರ ಉತ್ತರಕ್ಕೆ ತಲುಪಬಲ್ಲದು. 1951ರಲ್ಲಿ ಹರ್ಬರ್ಟ್ ರಾಬಿನ್ಸ್ ಮತ್ತು ಸಟನ್ ಮನ್ರೋ ತೋರಿಸಿಕೊಟ್ಟದ್ದು ಇದರ ಸಾಮಾನ್ಯ ರೂಪವನ್ನು. ಅವರು ಹಾಕಿದ ಷರತ್ತು ಎರಡು: ದರಗಳ ಒಟ್ಟು ಮೊತ್ತ ಅನಂತವಾಗಿರಬೇಕು, ಇಲ್ಲದಿದ್ದರೆ ದೂರದ ಗುರಿಯನ್ನು ತಲುಪುವ ಮುನ್ನವೇ ಹೆಜ್ಜೆಗಳು ಸತ್ತುಹೋಗುತ್ತವೆ, ದರಗಳ ವರ್ಗಗಳ ಮೊತ್ತ ಸೀಮಿತವಾಗಿರಬೇಕು, ಇಲ್ಲದಿದ್ದರೆ ಗದ್ದಲ ಅಡಗುವುದಿಲ್ಲ. ಇಳಿಜಾರಿನ ದಿಕ್ಕಿನಲ್ಲಿ ಹೆಜ್ಜೆಯಿಡುವ ಮೂಲ ವಿಧಾನವಂತೂ ಇನ್ನೂ ಹಳೆಯದು, 1847ರಲ್ಲಿ ಕೋಶಿ ಬರೆದದ್ದು.

ಫುಲ್ ಬ್ಯಾಚ್‌ಗೆ ಒಂದೇ ಹೆಜ್ಜೆ ಸಾಕಾದದ್ದು ನಮ್ಮ ಸಮಸ್ಯೆಯಲ್ಲಿ ಒಂದೇ ದಿಕ್ಕು ಇದ್ದದ್ದರಿಂದ. ನಿಜವಾದ ಜಾಲದಲ್ಲಿ ಸಾವಿರಾರು ದಿಕ್ಕುಗಳಿರುತ್ತವೆ. ಕೆಲವು ಕಡೆ ಲಾಸ್‌ನ ಮೇಲ್ಮೈ ಕಡಿದಾಗಿ ಬಾಗಿರುತ್ತದೆ, ಕೆಲವು ಕಡೆ ಚಪ್ಪಟೆಯಾಗಿರುತ್ತದೆ. ಬಟ್ಟಲಿನಾಕಾರದ ಮೇಲ್ಮೈಯಲ್ಲಿ ಕಲಿಕೆಯ ದರ, ಅತಿ ಕಡಿದಾದ ದಿಕ್ಕಿನ ಬಾಗುವಿಕೆಯಿಂದ 2ನ್ನು ಭಾಗಿಸಿದರೆ ಬರುವ ಸಂಖ್ಯೆಯನ್ನು ಮೀರಿದರೆ, w ಪ್ರತಿ ಹೆಜ್ಜೆಗೂ ಇನ್ನಷ್ಟು ದೂರ ಜಿಗಿಯುತ್ತದೆ. ಕಡಿದಾದ ಒಂದು ದಿಕ್ಕಿಗಾಗಿ ದರವನ್ನು ಚಿಕ್ಕದಾಗಿ ಇಡಬೇಕು. ಅದೇ ಚಿಕ್ಕ ದರದಲ್ಲಿ ಚಪ್ಪಟೆ ದಿಕ್ಕುಗಳಲ್ಲಿ ತೆವಳಬೇಕು. ಹಾಗಾಗಿ ಹೆಜ್ಜೆಗಳು ಸಾವಿರಾರು ಬೇಕಾಗುತ್ತವೆ. ಪ್ರತಿ ಹೆಜ್ಜೆಗೂ ದತ್ತಾಂಶವನ್ನೆಲ್ಲ ಓದಬೇಕಾದ ವಿಧಾನ ಸೋಲುವುದು ಇಲ್ಲಿ.

ಇನ್ನೊಂದು ಕಾರಣ ಪುನರಾವರ್ತನೆ. ಡೇರಿಗೆ ನಾಲ್ಕರ ಬದಲು ನಾಲ್ಕು ಸಾವಿರ ಕ್ಯಾನು ಬಂದವು, ಅವೆಲ್ಲ ಇದೇ ನಾಲ್ಕು ಅಳತೆಗಳ ಪ್ರತಿಗಳು ಎಂದುಕೊಳ್ಳಿ. ಫುಲ್ ಬ್ಯಾಚಿನ ಗ್ರೇಡಿಯೆಂಟ್ ಕೂದಲೆಳೆಯಷ್ಟೂ ಬದಲಾಗುವುದಿಲ್ಲ, ಅದನ್ನು ಕಂಡುಹಿಡಿಯುವ ಕೆಲಸ ಮಾತ್ರ ಸಾವಿರ ಪಟ್ಟು ಆಗುತ್ತದೆ. ಎಂನಿಸ್ಟ್‌ನಲ್ಲಿ ಆರು ಸಾವಿರಕ್ಕೂ ಹೆಚ್ಚು ಒಂದರ ಅಂಕಿಗಳಿವೆ. ಹೊಸ ಜಾಲಕ್ಕೆ "ಒಂದು ಎಂದರೆ ನೆಟ್ಟಗಿನ ಗೀಟು" ಎಂದು ತಿಳಿಯಲು ಆರು ಸಾವಿರ ಗೀಟುಗಳನ್ನು ನೋಡಬೇಕಾಗಿಲ್ಲ.

ಹಾಗಾದರೆ ಬ್ಯಾಚ್ ಎಷ್ಟಿರಬೇಕು? ಇಲ್ಲಿ ನಿಯಮ ಸರಳ. ಯಾದೃಚ್ಛಿಕವಾಗಿ ಆರಿಸಿದ B ಉದಾಹರಣೆಗಳ ಸರಾಸರಿ ತೆಗೆದುಕೊಂಡರೆ ಗದ್ದಲ B ಯ ವರ್ಗಮೂಲದಷ್ಟು ತಗ್ಗುತ್ತದೆ. ಮೂವತ್ತೆರಡರಿಂದ ನೂರಿಪ್ಪತ್ತೆಂಟಕ್ಕೆ ಹೋದರೆ ಕೆಲಸ ನಾಲ್ಕು ಪಟ್ಟು, ಗದ್ದಲ ಅರ್ಧ. ಒಂದರಿಂದ ಹತ್ತು ಸಾವಿರಕ್ಕೆ ಹೋದರೆ ಕೆಲಸ ಹತ್ತು ಸಾವಿರ ಪಟ್ಟು, ಗದ್ದಲ ನೂರನೆಯ ಒಂದು ಭಾಗ. ಮೊದಮೊದಲು ಅಗ್ಗವಾಗಿ ಸಿಗುವ ನಿಖರತೆ ಆಮೇಲಾಮೇಲೆ ಬಹಳ ದುಬಾರಿಯಾಗುತ್ತದೆ.

ಆದರೆ ಎಷ್ಟು ಗದ್ದಲವನ್ನು ತಾಳಿಕೊಳ್ಳಬಹುದು ಎಂಬುದು ನಾವು ಉತ್ತರದಿಂದ ಎಷ್ಟು ದೂರ ಇದ್ದೇವೆ ಎಂಬುದರ ಮೇಲೆ ನಿಂತಿದೆ. ಇದನ್ನೂ ಹಾಲಿನ ಲೆಕ್ಕದಲ್ಲೇ ನೋಡಬಹುದು. ನಾಲ್ಕು ಅಳತೆಗಳು ಸರಾಸರಿಯಿಂದ 0.8, 0.2, 0.4 ಮತ್ತು 0.6ರಷ್ಟು ದೂರ ಇವೆ. ಇವುಗಳ ವರ್ಗಗಳ ಸರಾಸರಿ 0.3. ಇದು ಗದ್ದಲದ ಅಳತೆ. w ಸೊನ್ನೆಯಲ್ಲಿದ್ದಾಗ ನಿಜವಾದ ಗ್ರೇಡಿಯೆಂಟಿನ ಗಾತ್ರ 4, ಅದರ ವರ್ಗ 16. ಗದ್ದಲವನ್ನು ಇದರಿಂದ ಭಾಗಿಸಿದರೆ 0.02ರಷ್ಟೂ ಬರುವುದಿಲ್ಲ. ಅಂದರೆ ಯಾವ ಒಂದು ಕ್ಯಾನನ್ನು ಕೇಳಿದರೂ "ಮೇಲಕ್ಕೆ ಹೋಗು" ಎಂದೇ ಹೇಳುತ್ತದೆ. ಎರಡನೆಯದನ್ನು ಕೇಳುವುದೇ ದಂಡ. ಈಗ w 3.9ಕ್ಕೆ ಬಂದಿದೆ ಎನ್ನಿ. ಗ್ರೇಡಿಯೆಂಟಿನ ಗಾತ್ರ 0.1, ಅದರ ವರ್ಗ 0.01. ಭಾಗಿಸಿದರೆ 30. ಈಗ ಒಂದು ಕ್ಯಾನಿನ ಮಾತನ್ನು ನಂಬುವಂತಿಲ್ಲ. ಮೂವತ್ತರಷ್ಟು ಅಳತೆಗಳ ಸರಾಸರಿ ತೆಗೆದಾಗ ಮಾತ್ರ ಗದ್ದಲ ಮತ್ತು ನಿಜವಾದ ಸೂಚನೆ ಸರಿಸಮವಾಗುತ್ತವೆ.

ಈ ಭಾಗಲಬ್ಧವನ್ನು ದೊಡ್ಡ ಜಾಲಗಳಿಗೂ ಅಳೆಯಬಹುದು. 2018ರಲ್ಲಿ ಓಪನ್‌ಎಐ ಸಂಶೋಧಕರು ಇದನ್ನು ಗ್ರೇಡಿಯೆಂಟ್ ನಾಯ್ಸ್ ಸ್ಕೇಲ್ ಎಂಬ ಹೆಸರಿನಲ್ಲಿ ಮುಂದಿಟ್ಟು, ಉಪಯುಕ್ತ ಬ್ಯಾಚ್ ಗಾತ್ರವನ್ನು ಊಹಿಸಲು ಬಳಸಿದರು. ಬ್ಯಾಚ್ ಈ ಸಂಖ್ಯೆಗಿಂತ ಬಹಳ ಚಿಕ್ಕದಿದ್ದರೆ, ಅದನ್ನು ದುಪ್ಪಟ್ಟು ಮಾಡಿದಾಗ ಬೇಕಾಗುವ ಹೆಜ್ಜೆಗಳು ಹತ್ತಿರಹತ್ತಿರ ಅರ್ಧವಾಗುತ್ತವೆ. ಬಹಳ ದೊಡ್ಡದಿದ್ದರೆ, ದುಪ್ಪಟ್ಟು ಮಾಡಿದರೂ ಹೆಜ್ಜೆಗಳು ಕಡಿಮೆಯಾಗುವುದಿಲ್ಲ, ವಿದ್ಯುತ್ತು ಮಾತ್ರ ಹೆಚ್ಚು ಖರ್ಚಾಗುತ್ತದೆ. ಕಲಿಕೆ ಮುಂದುವರಿದಂತೆ ಈ ಗಡಿ ಮೇಲಕ್ಕೆ ಸರಿಯುತ್ತದೆ ಎಂಬುದು ನನಗೆ ಅತ್ಯಂತ ಮುಖ್ಯವಾಗಿ ಕಾಣುವ ಸಂಗತಿ. "ಸರಿಯಾದ ಬ್ಯಾಚ್ ಗಾತ್ರ ಎಷ್ಟು?" ಎಂದು ಕೇಳುವವರು ಅದೊಂದು ಸ್ಥಿರ ಸಂಖ್ಯೆ ಎಂದುಕೊಂಡಿರುತ್ತಾರೆ. ಅದು ಓಟದ ನಡುವೆಯೇ ಬೆಳೆಯುವ ಸಂಖ್ಯೆ. ಕಲಿಕೆಯ ಕೊನೆಯ ಹಂತದಲ್ಲಿ ನಾವು ದರವನ್ನು ಇಳಿಸುವುದೂ ಇದೇ ಕಾರಣಕ್ಕೆ. ದರ ಇಳಿಸುವುದು, ಬ್ಯಾಚ್ ಹಿಗ್ಗಿಸುವುದು, ಎರಡೂ ಗದ್ದಲವನ್ನು ತಗ್ಗಿಸುವ ದಾರಿಗಳೇ. ನಮ್ಮ ಉದಾಹರಣೆಯಲ್ಲಿ ಕ್ಯಾನುಗಳನ್ನು ಯಾದೃಚ್ಛಿಕವಾಗಿ ಆರಿಸುತ್ತಾ ಹೋದರೆ 0.5ರ ದರದಲ್ಲಿ w ಉತ್ತರದಿಂದ ಸುಮಾರು 0.32ರಷ್ಟು ಆಚೀಚೆ ಇರುತ್ತದೆ, 0.1ರ ದರದಲ್ಲಿ ಸುಮಾರು 0.13ರಷ್ಟು.

ಇದುವರೆಗೆ ಗಣಿತ ಮಾತನಾಡಿತು. ಒಂದೊಂದೇ ಉದಾಹರಣೆಯ ವಿಧಾನ ಇಷ್ಟು ಮಿತವ್ಯಯಿಯಾಗಿದ್ದರೆ ಎಲ್ಲರೂ ಅದನ್ನೇ ಏಕೆ ಬಳಸುವುದಿಲ್ಲ? ಉತ್ತರ ಯಂತ್ರದೊಳಗೆ ಇದೆ. ಎಂನಿಸ್ಟ್‌ನ ಒಂದು ಚಿತ್ರದಲ್ಲಿ 784 ಚುಕ್ಕೆಗಳಿವೆ, ಹತ್ತು ಉತ್ತರಗಳಿವೆ. ಅತಿ ಸರಳವಾದ ಒಂದೇ ಪದರದ ಮಾದರಿಗೂ 7,850 ನಿಯತಾಂಕಗಳು ಬೇಕು. ಒಂದು ಚಿತ್ರಕ್ಕೆ ಉತ್ತರ ಹೇಳಬೇಕಾದರೆ ಅವೆಲ್ಲವನ್ನೂ ಮೆಮೊರಿಯಿಂದ ತರಬೇಕು, ಪ್ರತಿಯೊಂದನ್ನೂ ಒಮ್ಮೆ ಬಳಸಿ ಬಿಡಬೇಕು. ಇಷ್ಟು ಚಿಕ್ಕ ಮಾದರಿಯಲ್ಲಿ ಅದು ಹೊರೆಯಲ್ಲ. ಕೋಟಿಗಟ್ಟಲೆ ನಿಯತಾಂಕಗಳಿರುವ ಜಾಲದಲ್ಲಿ ಸಂಖ್ಯೆಗಳನ್ನು ತರುವುದಕ್ಕೇ ಗುಣಾಕಾರಕ್ಕಿಂತ ಹೆಚ್ಚು ಸಮಯ ಹೋಗುತ್ತದೆ. ನೂರಿಪ್ಪತ್ತೆಂಟು ಚಿತ್ರಗಳನ್ನು ಒಟ್ಟಿಗೆ ಕೊಟ್ಟರೆ, ಒಮ್ಮೆ ತಂದ ನಿಯತಾಂಕವನ್ನು ನೂರಿಪ್ಪತ್ತೆಂಟು ಸಲ ಬಳಸಿಕೊಳ್ಳಬಹುದು. ಜಿಪಿಯುವಿನಲ್ಲಿ ಸಾವಿರಾರು ಗಣನ ಘಟಕಗಳು ಏಕಕಾಲಕ್ಕೆ ಕೆಲಸಕ್ಕೆ ಕಾದಿರುತ್ತವೆ. ಒಂದೇ ಚಿತ್ರ ಕೊಟ್ಟರೆ ಹೆಚ್ಚಿನವು ಸುಮ್ಮನೆ ಕೂರುತ್ತವೆ. ಜೊತೆಗೆ ಪ್ರತಿ ಹೆಜ್ಜೆಗೂ ಜಿಪಿಯುವಿಗೆ ಆಜ್ಞೆ ಕಳಿಸುವ ಒಂದು ಸ್ಥಿರ ವೆಚ್ಚವಿದೆ. ಅದನ್ನು 60,000 ಸಲ ತೆರುವುದಕ್ಕೂ 469 ಸಲ ತೆರುವುದಕ್ಕೂ ಬಹಳ ವ್ಯತ್ಯಾಸ.

ಇದರ ಫಲವಾಗಿ ಒಂದು ಹೆಜ್ಜೆಗೆ ಹಿಡಿಯುವ ಸಮಯ, ಬ್ಯಾಚ್ ಹಿಗ್ಗಿದಂತೆ ಮೊದಲು ಹೆಚ್ಚುಕಡಿಮೆ ಸಮತಟ್ಟಾಗಿರುತ್ತದೆ. ಯಂತ್ರ ಪೂರ್ತಿ ತುಂಬಿದ ಮೇಲೆ ಮಾತ್ರ ಬ್ಯಾಚಿನ ಜೊತೆಜೊತೆಗೆ ಏರತೊಡಗುತ್ತದೆ. ಆ ತಿರುವನ್ನು ನಿಮ್ಮ ಯಂತ್ರದಲ್ಲಿ ನೀವೇ ಅಳೆಯಬೇಕು. ಬ್ಯಾಚನ್ನು 16, 32, 64 ಎಂದು ದುಪ್ಪಟ್ಟು ಮಾಡುತ್ತಾ, ಮೊದಲ ಕೆಲವು ಹೆಜ್ಜೆಗಳನ್ನು ಬಿಟ್ಟು, ನಂತರದ ಐವತ್ತು ಹೆಜ್ಜೆಗಳ ಸಮಯ ನೋಡಿ. ಸಮಯವೂ ದುಪ್ಪಟ್ಟಾಗಲು ಶುರುವಾದ ಜಾಗವೇ ಯಂತ್ರದ ಕಡೆಯಿಂದ ಬರುವ ಉತ್ತರ. ಹಿಂದೆ ಹೇಳಿದ ಗದ್ದಲದ ಗಡಿ ಗಣಿತದ ಕಡೆಯಿಂದ ಬರುವ ಉತ್ತರ. ಮಿನಿ-ಬ್ಯಾಚ್ ಗೆದ್ದಿರುವುದು ಹೆಚ್ಚಿನ ಸಮಸ್ಯೆಗಳಲ್ಲಿ ಮೊದಲನೆಯ ಗಡಿ ಎರಡನೆಯದಕ್ಕಿಂತ ಕೆಳಗೆ ಇರುವುದರಿಂದ: ಯಂತ್ರ ತುಂಬುವಷ್ಟು ಬ್ಯಾಚ್ ಕೊಟ್ಟರೂ ಗಣಿತದ ಲೆಕ್ಕದಲ್ಲಿ ಕೆಲಸ ದಂಡವಾಗುವುದಿಲ್ಲ.

ಈಗ ಎಲ್ಲರೂ ಎಡವುವ ಜಾಗಕ್ಕೆ ಬರುತ್ತೇನೆ. ಹೊಸ ಜಿಪಿಯು ಬಂತು, ಮೆಮೊರಿ ಹೆಚ್ಚಿದೆ, ಬ್ಯಾಚನ್ನು ಎಂಟು ಪಟ್ಟು ಹಿಗ್ಗಿಸಿದಿರಿ. ಇಪಾಕ್ ಬೇಗ ಮುಗಿಯುತ್ತದೆ, ಆದರೆ ಅಷ್ಟೇ ಇಪಾಕ್‌ಗಳ ನಂತರ ನಿಖರತೆ ಹಿಂದಿಗಿಂತ ಕಡಿಮೆ. "ದೊಡ್ಡ ಬ್ಯಾಚ್ ಕೆಟ್ಟದ್ದು" ಎಂದು ತೀರ್ಮಾನಿಸಿಬಿಡುತ್ತಾರೆ. ನಡೆದದ್ದು ಇಷ್ಟೇ: ಹೆಜ್ಜೆಗಳ ಸಂಖ್ಯೆ ಎಂಟನೆಯ ಒಂದು ಭಾಗಕ್ಕೆ ಇಳಿದಿದೆ, ಹೆಜ್ಜೆಯ ಉದ್ದ ಮಾತ್ರ ಮೊದಲಿನಷ್ಟೇ ಇದೆ. ದೂರ ಸಾಗಿಲ್ಲ.

ಇದಕ್ಕೆ ಪರಿಹಾರ, ಬ್ಯಾಚ್ ಎಷ್ಟು ಪಟ್ಟು ಹಿಗ್ಗಿತೋ ದರವನ್ನೂ ಅಷ್ಟೇ ಪಟ್ಟು ಹಿಗ್ಗಿಸುವುದು. ಎಂಟು ಚಿಕ್ಕ ಹೆಜ್ಜೆಗಳನ್ನು ಇಡುವಷ್ಟರಲ್ಲಿ ಗ್ರೇಡಿಯೆಂಟ್ ಹೆಚ್ಚು ಬದಲಾಗದಿದ್ದರೆ, ಆ ಎಂಟರ ಬದಲು ಎಂಟು ಪಟ್ಟು ಉದ್ದದ ಒಂದು ಹೆಜ್ಜೆ ಇಟ್ಟರೂ ಅದೇ ಜಾಗಕ್ಕೆ ಬರುತ್ತೇವೆ. ಗದ್ದಲದ ಲೆಕ್ಕವೂ ತಾಳೆಯಾಗುತ್ತದೆ. "ಹೆಚ್ಚು ಬದಲಾಗದಿದ್ದರೆ" ಎಂಬ ಷರತ್ತಿನ ಮೇಲೆಯೇ ಎಲ್ಲವೂ ನಿಂತಿದೆ ಎಂಬುದನ್ನು ಗಮನಿಸಿ.

ಈ ನಿಯಮವನ್ನು ಎಲ್ಲಿಯವರೆಗೆ ಎಳೆಯಬಹುದು ಎಂದು 2017ರಲ್ಲಿ ಫೇಸ್‌ಬುಕ್ ಸಂಶೋಧಕರು ಅಳೆದು ನೋಡಿದರು. ಇಮೇಜ್‌ನೆಟ್‌ನ ಸುಮಾರು 12.8 ಲಕ್ಷ ಚಿತ್ರಗಳು, ರೆಸ್‌ನೆಟ್-50 ಜಾಲ, 90 ಇಪಾಕ್. ಮೂಲ ಬ್ಯಾಚ್ 256, ದರ 0.1, ಆಗ ಒಂದು ಇಪಾಕ್‌ಗೆ ಸುಮಾರು ಐದು ಸಾವಿರ ಹೆಜ್ಜೆಗಳು. ಅವರು ಬ್ಯಾಚನ್ನು 8,192ಕ್ಕೆ, ಅಂದರೆ 32 ಪಟ್ಟು ಹಿಗ್ಗಿಸಿ, ದರವನ್ನೂ 3.2ಕ್ಕೆ ಏರಿಸಿದರು. ಇಪಾಕ್‌ಗೆ 156 ಹೆಜ್ಜೆಗಳಷ್ಟೇ ಉಳಿದವು. 256 ಜಿಪಿಯುಗಳಲ್ಲಿ ಇಡೀ ಕಲಿಕೆ ಒಂದು ಗಂಟೆಯಲ್ಲಿ ಮುಗಿಯಿತು. ಆದರೆ ಮೊದಲ ಹೆಜ್ಜೆಯಿಂದಲೇ 3.2 ಕೊಟ್ಟಾಗ ದೋಷ ಶೇಕಡ 24.84ಕ್ಕೆ ಏರಿತು, ಚಿಕ್ಕ ಬ್ಯಾಚಿನಲ್ಲಿ ಅದು 23.60 ಇತ್ತು. ಶುರುವಿನಲ್ಲಿ ಜಾಲ ವೇಗವಾಗಿ ಬದಲಾಗುತ್ತಿರುತ್ತದೆ, ನಾನು ಈಗ ಹೇಳಿದ ಷರತ್ತು ಅಲ್ಲಿ ಮುರಿದುಬೀಳುತ್ತದೆ. ಮೊದಲ ಐದು ಇಪಾಕ್‌ಗಳಲ್ಲಿ ದರವನ್ನು 0.1ರಿಂದ 3.2ಕ್ಕೆ ಸ್ವಲ್ಪಸ್ವಲ್ಪವಾಗಿ ಏರಿಸಿದಾಗ ದೋಷ 23.74ಕ್ಕೆ ಇಳಿಯಿತು. ಇದೇ ಇಂದು ಎಲ್ಲರೂ ಬಳಸುವ ವಾರ್ಮ್‌ಅಪ್. ಬ್ಯಾಚನ್ನು 8,192ರಿಂದಲೂ ಮುಂದಕ್ಕೆ ಎಳೆದಾಗ ಮಾತ್ರ ದರ ಏರಿಸಿದರೂ ವಾರ್ಮ್‌ಅಪ್ ಮಾಡಿದರೂ ದೋಷ ಹೆಚ್ಚುತ್ತಾ ಹೋಯಿತು. ಆ ಸಮಸ್ಯೆಗೆ ಆ ವಿಧಾನದಲ್ಲಿ ಗಡಿ ಅಲ್ಲಿತ್ತು. ಪ್ರತಿ ನಿಯತಾಂಕದ ಹೆಜ್ಜೆಯನ್ನೂ ತಾನೇ ಹೊಂದಿಸಿಕೊಳ್ಳುವ ಆಡಮ್‌ನಂಥ ವಿಧಾನ ಬಳಸುವವರು, ಬ್ಯಾಚ್ ಹಿಗ್ಗಿದಷ್ಟೇ ಪಟ್ಟು ಏರಿಸುವ ಬದಲು, ಆ ಸಂಖ್ಯೆಯ ವರ್ಗಮೂಲದಷ್ಟು ಮಾತ್ರ ದರ ಏರಿಸುವುದು ಸಾಮಾನ್ಯ ರೂಢಿ.

ಚಿಕ್ಕ ಬ್ಯಾಚಿನ ಗದ್ದಲದಿಂದ ಜಾಲವು ಹೊಸ ಚಿತ್ರಗಳ ಮೇಲೆ ಚೆನ್ನಾಗಿ ಕೆಲಸ ಮಾಡುತ್ತದೆ ಎಂಬ ಮಾತನ್ನೂ ನೀವು ಕೇಳಿರುತ್ತೀರಿ. 2016ರ ಸುಮಾರಿಗೆ ಇದರ ಬಗ್ಗೆ ದೊಡ್ಡ ಚರ್ಚೆ ನಡೆಯಿತು. ದೊಡ್ಡ ಬ್ಯಾಚ್ ಕಿರಿದಾದ ಕಣಿವೆಗಳಲ್ಲಿ ಸಿಕ್ಕಿಬೀಳುತ್ತದೆ, ಚಿಕ್ಕದು ವಿಶಾಲ ತಗ್ಗುಗಳನ್ನು ಹುಡುಕಿಕೊಳ್ಳುತ್ತದೆ ಎಂಬುದು ಒಂದು ವಾದ. ಮರುವರ್ಷ ಬಂದ ಇನ್ನೊಂದು ಅಧ್ಯಯನ, ದೊಡ್ಡ ಬ್ಯಾಚಿಗೂ ಅಷ್ಟೇ ಸಂಖ್ಯೆಯ ಹೆಜ್ಜೆಗಳನ್ನು ಇಡಲು ಬಿಟ್ಟು ದರವನ್ನು ಹೊಂದಿಸಿದರೆ ಅಂತರ ಬಹುಪಾಲು ಮಾಯವಾಗುತ್ತದೆ ಎಂದು ತೋರಿಸಿತು. 2021ರಲ್ಲಿ ಸಿಫಾರ್-10ರ 50,000 ಚಿತ್ರಗಳನ್ನು ಫುಲ್ ಬ್ಯಾಚ್‌ನಲ್ಲೇ ಕಲಿಸಿ, ಮಿನಿ-ಬ್ಯಾಚಿಗೆ ಸರಿಸಮವಾದ ನಿಖರತೆ ಪಡೆದವರಿದ್ದಾರೆ. ಅದಕ್ಕಾಗಿ ಗದ್ದಲ ಮಾಡುತ್ತಿದ್ದ ಕೆಲಸವನ್ನು ಲಾಸ್‌ನ ಸೂತ್ರಕ್ಕೆ ಬೇರೆ ನಿಯಂತ್ರಣ ಪದಗಳನ್ನು ಸೇರಿಸಿ ಮಾಡಿಸಬೇಕಾಯಿತು. ನನ್ನ ಅಭಿಪ್ರಾಯ ಇದು: ಗದ್ದಲದಿಂದ ಒಂದು ಉಚಿತ ಲಾಭ ಇದೆ, ಆದರೆ ಅದು ಜಾದೂ ಅಲ್ಲ. ಇಬ್ಬರ ಫಲಿತಾಂಶ ಹೋಲಿಸುವಾಗ ಮೊದಲು ಕೇಳಬೇಕಾದದ್ದು "ಹೆಜ್ಜೆಗಳು ಸಮವಾಗಿದ್ದವೇ, ದರವನ್ನು ಪ್ರತಿ ಬ್ಯಾಚಿಗೂ ಪ್ರತ್ಯೇಕವಾಗಿ ಹುಡುಕಿದ್ದೀರಾ" ಎಂದು.

ಫುಲ್ ಬ್ಯಾಚ್ ಸತ್ತಿದೆ ಎಂದು ನೀವು ತಿಳಿಯಬಾರದು. ಕೆಲವು ಸಾವಿರ ಸಾಲುಗಳ ಕೋಷ್ಟಕ, ಲಾಜಿಸ್ಟಿಕ್ ರಿಗ್ರೆಶನ್‌ನಂಥ ಬಟ್ಟಲಿನಾಕಾರದ ಸಮಸ್ಯೆ ಇದ್ದರೆ ಅದೇ ಉತ್ತಮ. ಪೈಥಾನ್ ಗ್ರಂಥಾಲಯವಾದ scikit-learn ನ `LogisticRegression` ಪೂರ್ವನಿಯೋಜಿತವಾಗಿ `lbfgs` ವಿಧಾನ ಬಳಸುತ್ತದೆ. ಅದು ಪ್ರತಿ ಹೆಜ್ಜೆಗೂ ದತ್ತಾಂಶವನ್ನೆಲ್ಲ ನೋಡುತ್ತದೆ, ಹಿಂದಿನ ಗ್ರೇಡಿಯೆಂಟುಗಳಿಂದ ಮೇಲ್ಮೈಯ ಬಾಗುವಿಕೆಯನ್ನು ಊಹಿಸಿಕೊಂಡು ಚಪ್ಪಟೆ ದಿಕ್ಕುಗಳಲ್ಲೂ ಉದ್ದ ಹೆಜ್ಜೆ ಇಡುತ್ತದೆ. ಗದ್ದಲವಿದ್ದರೆ ಆ ಊಹೆ ಕೆಟ್ಟುಹೋಗುತ್ತದೆ, ಹಾಗಾಗಿ ಅಲ್ಲಿ ಫುಲ್ ಬ್ಯಾಚ್ ಬೇಕೇ ಬೇಕು. ಕಲಿಕೆಯ ದರವನ್ನು ಹುಡುಕುವ ತಲೆನೋವೂ ಇಲ್ಲ. ಅದೇ ಗ್ರಂಥಾಲಯದ `SGDClassifier` ಒಂದೊಂದೇ ಸಾಲು ನೋಡಿ ಸರಿಯುತ್ತದೆ. ದತ್ತಾಂಶ ಮೆಮೊರಿಯಲ್ಲಿ ಹಿಡಿಸದಿದ್ದಾಗ ಅಥವಾ ದಿನದಿನವೂ ಹೊಸ ಸಾಲುಗಳು ಬರುತ್ತಿರುವಾಗ ಅದರ `partial_fit` ಉಪಯೋಗಕ್ಕೆ ಬರುತ್ತದೆ.

ಇನ್ನು ತಪ್ಪುಗಳು, ಅವನ್ನು ಪತ್ತೆಹಚ್ಚುವ ಬಗೆ. ಹಾಲಿನ ಲೆಕ್ಕದಲ್ಲಿ ಸ್ಟೋಕಾಸ್ಟಿಕ್ ವಿಧಾನ ಪ್ರತಿ ಸುತ್ತಿನ ಕೊನೆಗೂ 4.35ಕ್ಕೇ ಬಂದು ನಿಂತದ್ದು ನೆನಪಿದೆಯೇ? ಅದು ಗದ್ದಲ ಮಾತ್ರವಲ್ಲ. ನಾವು ಕ್ಯಾನುಗಳನ್ನು ಯಾವಾಗಲೂ ಏರಿಕೆಯ ಕ್ರಮದಲ್ಲೇ ತೋರಿಸುತ್ತಿದ್ದೆವು. ಕೊನೆಯಲ್ಲಿ ಕಂಡದ್ದರ ಕಡೆಗೆ w ಯಾವಾಗಲೂ ವಾಲುತ್ತಿತ್ತು. ಪೈಟಾರ್ಚ್‌ನ `DataLoader` ಗೆ `shuffle=True` ಎಂದು ನೀವು ಹೇಳದಿದ್ದರೆ ಅದು ಕಲಸುವುದಿಲ್ಲ. ಚಿತ್ರಗಳನ್ನು ವರ್ಗವಾರು ಕಡತಕೋಶಗಳಲ್ಲಿ ಇಟ್ಟಿದ್ದರೆ ಜಾಲ ಮೊದಲು ಬರೀ ಬೆಕ್ಕುಗಳನ್ನು, ಆಮೇಲೆ ಬರೀ ನಾಯಿಗಳನ್ನು ನೋಡುತ್ತದೆ. ಇದರ ಲಕ್ಷಣ ಹೀಗಿರುತ್ತದೆ: ಹೆಜ್ಜೆವಾರು ಲಾಸ್‌ನ ಗೆರೆ ಸೊನ್ನೆಯ ಹತ್ತಿರಕ್ಕೆ ಇಳಿದು, ವರ್ಗ ಬದಲಾದ ಜಾಗದಲ್ಲಿ ಥಟ್ಟನೆ ಮೇಲೇರುತ್ತದೆ, ಪ್ರತಿ ಇಪಾಕ್‌ನಲ್ಲೂ ಅದೇ ಜಾಗಗಳಲ್ಲಿ. ಪರೀಕ್ಷೆಯಲ್ಲಿ ಕೊನೆಯ ವರ್ಗದ ಹೆಸರನ್ನೇ ಎಲ್ಲದಕ್ಕೂ ಹೇಳುತ್ತದೆ. ಫುಲ್ ಬ್ಯಾಚ್‌ಗೆ ಈ ರೋಗ ತಗಲುವುದೇ ಇಲ್ಲ, ಏಕೆಂದರೆ ಸರಾಸರಿಗೆ ಕ್ರಮದ ಹಂಗಿಲ್ಲ.

ಲಾಸ್ ಒಂದು ಮಟ್ಟಕ್ಕೆ ಬಂದು ನಿಂತುಬಿಟ್ಟಾಗ ಕಾರಣ ಗದ್ದಲವೋ ಬೇರೆಯೋ ಎಂದು ತಿಳಿಯಲು ಸುಲಭವಾದ ಪರೀಕ್ಷೆ ಇದೆ. ದರವನ್ನು ಹತ್ತನೆಯ ಒಂದು ಭಾಗಕ್ಕೆ ಇಳಿಸಿ. ಕೆಲವೇ ಹೆಜ್ಜೆಗಳಲ್ಲಿ ಲಾಸ್ ಮೆಟ್ಟಿಲಿಳಿದಂತೆ ಕೆಳಗೆ ಬಂದರೆ, ಅದು ಗದ್ದಲದಿಂದ ಓಲಾಡುತ್ತಿತ್ತು ಎಂದರ್ಥ. ಏನೂ ಆಗದೆ ಇಳಿಯುವ ವೇಗ ಇನ್ನೂ ಕುಂದಿದರೆ ಕಾರಣ ಬೇರೆ. ಆಗ ಬ್ಯಾಚ್ ಹಿಗ್ಗಿಸಿಯೂ ಪ್ರಯೋಜನವಿಲ್ಲ.

ದೊಡ್ಡ ಬ್ಯಾಚ್ ಬೇಕು, ಆದರೆ ಜಿಪಿಯುವಿನ ಮೆಮೊರಿ ಸಾಲದು ಎನ್ನುವವರು ಚಿಕ್ಕ ಬ್ಯಾಚ್‌ಗಳ ಗ್ರೇಡಿಯೆಂಟನ್ನು ಕೂಡಿಸಿಟ್ಟುಕೊಂಡು ಒಮ್ಮೆ ಹೆಜ್ಜೆ ಇಡಬಹುದು. ಮೂವತ್ತೆರಡರ ನಾಲ್ಕು ಬ್ಯಾಚ್‌ಗಳನ್ನು ಸೇರಿಸಿ ನೂರಿಪ್ಪತ್ತೆಂಟು ಮಾಡುವುದು ಹೀಗೆ:

```python
opt.zero_grad()
for i, (x, y) in enumerate(loader):
    loss = loss_fn(model(x), y) / 4
    loss.backward()
    if (i + 1) % 4 == 0:
        opt.step()
        opt.zero_grad()
```

ಇದರಲ್ಲಿ ನಾಲ್ಕರಿಂದ ಭಾಗಿಸುವುದನ್ನು ಮರೆತರೆ ಗ್ರೇಡಿಯೆಂಟುಗಳು ಸರಾಸರಿಯಾಗುವ ಬದಲು ಕೂಡುತ್ತವೆ, ಕಲಿಕೆಯ ದರ ನಿಮಗೆ ತಿಳಿಯದಂತೆ ನಾಲ್ಕು ಪಟ್ಟಾಗುತ್ತದೆ. ಇನ್ನೊಂದು ಎಚ್ಚರ: ಜಾಲದಲ್ಲಿ, ಬ್ಯಾಚಿನ ಸರಾಸರಿ ನೋಡಿ ಒಳಗಿನ ಸಂಖ್ಯೆಗಳನ್ನು ಒಂದು ಹದಕ್ಕೆ ತರುವ ಬ್ಯಾಚ್ ನಾರ್ಮಲೈಸೇಶನ್ ಪದರಗಳಿದ್ದರೆ ಅವು ಒಮ್ಮೆಗೆ ಮೂವತ್ತೆರಡನ್ನೇ ನೋಡಿ ಸರಾಸರಿ ತೆಗೆಯುತ್ತವೆ, ನೂರಿಪ್ಪತ್ತೆಂಟನ್ನಲ್ಲ. ಬ್ಯಾಚ್ ಎರಡಕ್ಕೋ ನಾಲ್ಕಕ್ಕೋ ಇಳಿದರೆ ಆ ಪದರಗಳ ಲೆಕ್ಕವೇ ನಂಬಲಾಗದಂತಾಗುತ್ತದೆ. ಆಗ ಬ್ಯಾಚ್ ಗಾತ್ರವನ್ನು ಅವಲಂಬಿಸದ ಗ್ರೂಪ್ ನಾರ್ಮಲೈಸೇಶನ್‌ಗೆ ಬದಲಾಯಿಸುವುದು ಒಳ್ಳೆಯದು.

ಉಪನ್ಯಾಸದ ನಂತರ ವಿದ್ಯಾರ್ಥಿನಿಯೊಬ್ಬರು ಕೇಳಿದರು: "ಸರ್, ಬ್ಯಾಚ್ ಯಾವಾಗಲೂ 32, 64, 128 ಎಂದೇ ಏಕಿರಬೇಕು? ನೂರು ಇಟ್ಟರೆ ತಪ್ಪೇ?" ತಪ್ಪಿಲ್ಲ. ಎನ್‌ವಿಡಿಯಾ ಜಿಪಿಯುಗಳಲ್ಲಿ ಗಣನೆಯ ಎಳೆಗಳು ಮೂವತ್ತೆರಡರ ಗುಂಪುಗಳಲ್ಲಿ ಓಡುತ್ತವೆ, ಗುಣಾಕಾರದ ಕೆಲಸವನ್ನು ಸಮಗಾತ್ರದ ತುಂಡುಗಳಾಗಿ ಹಂಚಲಾಗುತ್ತದೆ. ಎಂಟರ ಅಥವಾ ಮೂವತ್ತೆರಡರ ಗುಣಕಗಳಾದರೆ ತುಂಡುಗಳು ಪೂರ್ತಿ ತುಂಬುತ್ತವೆ. ಗಣಿತಕ್ಕೆ ಅದರ ಗೊಡವೆಯೇ ಇಲ್ಲ. 96 ಇಟ್ಟರೆ ಮೆಮೊರಿಯಲ್ಲಿ ಹಿಡಿಸುತ್ತದೆ, 128 ಹಿಡಿಸುವುದಿಲ್ಲ ಎಂದಾದರೆ ಅರವತ್ನಾಲ್ಕಕ್ಕೆ ಇಳಿಯಬೇಕಾಗಿಲ್ಲ, 96ನ್ನೇ ಇಡಿ.

ಇನ್ನೊಬ್ಬರ ಪ್ರಶ್ನೆ: "ನನ್ನ ಬಳಿ ಜಿಪಿಯು ಇಲ್ಲ, ಲ್ಯಾಪ್‌ಟಾಪ್ ಮಾತ್ರ ಇದೆ. ಎಷ್ಟರಿಂದ ಶುರುಮಾಡಲಿ?" ಎಂನಿಸ್ಟ್‌ನಂಥ ದತ್ತಾಂಶಕ್ಕೆ ಮೂವತ್ತೆರಡರಿಂದ ಶುರುಮಾಡಿ ಎಂದೆ. ದರವನ್ನು 0.01, 0.03, 0.1, 0.3 ಎಂದು ಏರಿಸುತ್ತಾ, ಪ್ರತಿಯೊಂದಕ್ಕೂ ಒಂದೇ ಇಪಾಕ್ ಓಡಿಸಿ, ಲಾಸ್ ಸಿಡಿದು ಮೇಲೇರುವ ದರ ಯಾವುದೆಂದು ಕಂಡುಕೊಳ್ಳಿ. ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನದನ್ನು ಆರಿಸಿಕೊಂಡು ಪೂರ್ತಿ ಓಡಿಸಿ. ಬ್ಯಾಚ್ ಬದಲಾಯಿಸಿದಾಗಲೆಲ್ಲ ಈ ಹುಡುಕಾಟವನ್ನು ಮತ್ತೆ ಮಾಡಬೇಕು. ಗೆರೆಗಳನ್ನು ಹೋಲಿಸುವಾಗ ಅಡ್ಡ ಅಕ್ಷದಲ್ಲಿ ಒಮ್ಮೆ ಹೆಜ್ಜೆಗಳ ಸಂಖ್ಯೆ, ಒಮ್ಮೆ ನೋಡಿದ ಚಿತ್ರಗಳ ಸಂಖ್ಯೆ, ಒಮ್ಮೆ ಗಡಿಯಾರದ ಸಮಯ ಇಟ್ಟು ಮೂರು ನಕ್ಷೆ ಬರೆಯಿರಿ. ಹೆಜ್ಜೆಗಳ ನಕ್ಷೆಯಲ್ಲಿ ದೊಡ್ಡ ಬ್ಯಾಚ್ ಮುಂದಿರುತ್ತದೆ, ಚಿತ್ರಗಳ ನಕ್ಷೆಯಲ್ಲಿ ಚಿಕ್ಕದು ಮುಂದಿರುತ್ತದೆ. ನಿಮ್ಮ ಲ್ಯಾಪ್‌ಟಾಪಿಗೆ ಯಾವುದು ಸರಿ ಎಂದು ಮೂರನೆಯ ನಕ್ಷೆ ಹೇಳುತ್ತದೆ.